ಏರುತ್ತಿರುವ ವೆಡ್ಜ್ ಕೆಳಕ್ಕೇ ಯಾಕೆ ಒಡೆಯುತ್ತದೆ?

ಓದುಗರ ಪ್ರಶ್ನೆ: "ಸರ್, ಚಾರ್ಟ್‌ನಲ್ಲಿ ಎರಡೂ ಗೆರೆ ಮೇಲಕ್ಕೇ ಹೋಗ್ತಿವೆ. ಪ್ರತಿ ಸಲ ಹೊಸ ಹೈ, ಪ್ರತಿ ಸಲ ಲೋ ಕೂಡ ಮೇಲೆ. ಆದ್ರೂ ಎಲ್ಲರೂ ಇದು ರೈಸಿಂಗ್ ವೆಡ್ಜ್, ಕೆಳಗೆ ಒಡೆಯುತ್ತೆ, ಮಾರಿಬಿಡಿ ಅಂತಾರೆ. ಏರ್ತಾ ಇರೋದು ಕೆಳಗೆ ಯಾಕೆ ಒಡೆಯಬೇಕು?"

ಪ್ರಶ್ನೆ ಕೇಳಿದವರು ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ ಅನ್ನಿಸಿ ಅಂಗಡಿಗೇ ಹೋದೆ. ತಮ್ಮ ಷೇರಿನ ಬೆಲೆಯ ಚಾರ್ಟ್ ಪ್ರಿಂಟ್ ತೆಗೆಸಿ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟಿದ್ದರು. ಬಟ್ಟೆ ಅಳೆಯುವ ಮೀಟರ್ ಕೋಲನ್ನೇ ಅದರ ಮೇಲಿಟ್ಟು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಗೆರೆ ಸರಿಯಾಗಿಯೇ ಇದ್ದವು. ಹಾಗಾಗಿ ಅದೇ ಚಾರ್ಟ್ ಇಟ್ಟುಕೊಂಡು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ವೆಡ್ಜ್ ಅಂದರೆ ನಮ್ಮ ಬೆಣೆ. ಚಿತ್ರದುರ್ಗದ ಕಡೆ ಕಲ್ಲು ಒಡೆಯುವವರು ಬಂಡೆಗೆ ಹೊಡೆಯುತ್ತಾರಲ್ಲ, ಅದೇ ಆಕಾರ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಏರುವ ವೆಡ್ಜ್‌ನಲ್ಲಿ ಎರಡೂ ಗೆರೆ ಮೇಲಕ್ಕೆ ಹೋಗುತ್ತವೆ, ಆದರೆ ಕೆಳಗಿನ ಗೆರೆಗೆ ಏರು ಜಾಸ್ತಿ. ಗೆರೆಗಳು ಸಮಾನಾಂತರವಾಗಿದ್ದರೆ ಅದು ಚಾನೆಲ್. ಮೇಲಿನ ಗೆರೆ ಮಟ್ಟಸವಾಗಿದ್ದು ಕೆಳಗಿನದು ಮಾತ್ರ ಏರುತ್ತಿದ್ದರೆ ಅದು ಟ್ರಯಾಂಗಲ್. ಇಲ್ಲಿ ಎಲ್ಲ ವಿಷಯವೂ ಇರುವುದು ಕೆಳಗಿನ ಗೆರೆಯ ಆ ಜಾಸ್ತಿ ಏರಿನಲ್ಲೇ.

ಈಗ ಚಾರ್ಟ್ ನೋಡೋಣ. ಮೊದಲ ಲೋ 200 ರೂಪಾಯಿ, ಆ ದಿನವನ್ನು ಸೊನ್ನೆ ಅಂತ ಎಣಿಸೋಣ. 6ನೇ ದಿನ ಹೈ 240. 12ನೇ ದಿನ ಲೋ 224. 18ನೇ ದಿನ ಹೈ 252. 24ನೇ ದಿನ ಲೋ 248. 28ನೇ ದಿನ ಹೈ 262. ದಿನ ಅಂದರೆ ಮಾರುಕಟ್ಟೆ ನಡೆದ ದಿನ. ಮೂರು ಲೋಗಳನ್ನು ಸೇರಿಸಿದರೆ ಕೆಳಗಿನ ಗೆರೆ ದಿನಕ್ಕೆ 2 ರೂಪಾಯಿ ಏರುತ್ತದೆ. ಮೂರು ಹೈಗಳನ್ನು ಸೇರಿಸಿದರೆ ಮೇಲಿನ ಗೆರೆ ದಿನಕ್ಕೆ 1 ರೂಪಾಯಿ ಮಾತ್ರ ಏರುತ್ತದೆ.

ಈ ಚಾರ್ಟ್ ಯಾರನ್ನಾದರೂ ಮರುಳು ಮಾಡುತ್ತದೆ. ಮೊದಲ ಸಲ ಬೆಲೆ 16 ರೂಪಾಯಿ ಇಳಿಯಿತು, ಎರಡನೇ ಸಲ ಬರೀ 4 ರೂಪಾಯಿ. "ನೋಡಿ, ಇಳಿಯೋಕೇ ಬಿಡ್ತಿಲ್ಲ, ತಕ್ಷಣ ಕೊಳ್ತಿದ್ದಾರೆ" ಅಂತ ನಮ್ಮ ಓದುಗರು ಬೆರಳಿಟ್ಟು ತೋರಿಸಿದರು. ಅದು ನಿಜವೇ. ಆದರೆ ಏರಿಕೆಗಳನ್ನೂ ಹಾಗೇ ಎಣಿಸಬೇಕು. ಮೊದಲ ಏರಿಕೆ 40 ರೂಪಾಯಿ, ಎರಡನೆಯದು 28, ಮೂರನೆಯದು 14. ಕೊಳ್ಳುವವರು ಬೇಗ ಬರುತ್ತಿದ್ದಾರೆ, ಆದರೆ ಬಂದವರು ಬೆಲೆಯನ್ನು ಮೊದಲಿನಷ್ಟು ದೂರ ಒಯ್ಯುತ್ತಿಲ್ಲ. ಸ್ವಲ್ಪ ಏರಿದ ಕೂಡಲೇ ಮಾರುವವರು ಸಿಗುತ್ತಿದ್ದಾರೆ. ಚಾರ್ಟ್‌ನ ಕೆಳಗೆ ವಾಲ್ಯೂಮ್ ಕಂಬಗಳೂ ಗಿಡ್ಡವಾಗುತ್ತಾ ಬಂದಿದ್ದವು. ಒಳ್ಳೆಯ ವೆಡ್ಜ್‌ನಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ.

ಇದು ಎಲ್ಲರೂ ಹೇಳುವ ಕಾರಣ. ಇದಕ್ಕಿಂತ ಮುಖ್ಯವಾದ, ಯಾರೂ ಅಷ್ಟಾಗಿ ಹೇಳದ ಇನ್ನೊಂದು ಕಾರಣವಿದೆ. ಅದು ಬರೀ ಲೆಕ್ಕ.

ಚಿಕ್ಕಂದಿನಲ್ಲಿ ಜೂಟಾಟ ಆಡಿದ್ದೀರಲ್ವಾ? ಮುಟ್ಟುವವನು ಹಿಂದೆ ಬರುತ್ತಿರುತ್ತಾನೆ. ನೀವು ಹಿಂದಕ್ಕೆ ಓಡಬೇಕಾಗಿಲ್ಲ, ಸುಮ್ನೆ ನಿಂತರೂ ಔಟ್. ಏರುವ ವೆಡ್ಜ್‌ನ ಕೆಳಗಿನ ಗೆರೆ ಆ ಮುಟ್ಟುವವನ ಹಾಗೆ. 28ನೇ ದಿನ ಬೆಲೆ 262ಕ್ಕೆ ಮುಟ್ಟಿ ನಿಂತಿದೆ ಅಂದುಕೊಳ್ಳಿ. ಆ ದಿನ ಕೆಳಗಿನ ಗೆರೆ 256ರಲ್ಲಿದೆ. ಬೆಲೆ ಒಂದು ಪೈಸೆಯೂ ಇಳಿಯದೆ ಅಲ್ಲೇ ಇದ್ದರೂ 31ನೇ ದಿನ ಗೆರೆ 262ಕ್ಕೆ ಬಂದು ತಾಕುತ್ತದೆ, 32ನೇ ದಿನ 264ಕ್ಕೆ ಹೋಗುತ್ತದೆ. ವೆಡ್ಜ್ "ಕೆಳಗೆ ಒಡೆಯಿತು". ಆದರೆ ಬೆಲೆ ಇಳಿದೇ ಇಲ್ಲ!

ನಿಜವಾಗಿ ಆದದ್ದು ಇದು. 29ನೇ ದಿನ ಬೆಲೆ 260ಕ್ಕೆ ಮುಗಿಯಿತು. ಆಗ ಕೆಳಗಿನ ಗೆರೆ 258, ಮೇಲಿನ ಗೆರೆ 263. ಕೆಳಗಿನದು 2 ರೂಪಾಯಿ ದೂರದಲ್ಲಿದೆ, ದಿನಕ್ಕೆ 2 ರೂಪಾಯಿ ಮೇಲೆ ಬರುತ್ತಿದೆ. ಮೇಲಿನದು 3 ರೂಪಾಯಿ ದೂರದಲ್ಲಿದೆ, ದಿನಕ್ಕೆ 1 ರೂಪಾಯಿ ಇನ್ನೂ ದೂರ ಸರಿಯುತ್ತಿದೆ. ಇನ್ನು ಮುಂದೆ ಬೆಲೆಯನ್ನು ನಾಣ್ಯ ಚಿಮ್ಮಿ ಏರಿಸಿ ಇಳಿಸಿದರೂ ಮೊದಲು ಯಾವ ಗೆರೆ ಸಿಗುತ್ತದೆ ಹೇಳಿ. ಕೆಳಗಿನದೇ. 30ನೇ ದಿನ ಬೆಲೆ 259, ಗೆರೆ 260. ಒಡೆಯಿತು. ಹೈನಿಂದ ಇಳಿದದ್ದು ಒಟ್ಟು 3 ರೂಪಾಯಿ, ನೂರಕ್ಕೆ ಒಂದು ರೂಪಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ವೆಡ್ಜ್‌ಗಳು ತಾವು ಸಾಗುವ ದಿಕ್ಕಿಗೆ ವಿರುದ್ಧವಾಗಿ ಒಡೆಯುವುದರ ದೊಡ್ಡ ಪಾಲು ಇದೇ ಅಂತ ನಾನು ನಂಬುತ್ತೇನೆ. ಗೆರೆ ದಾಟದೆ ಇರಬೇಕಾದರೆ ಬೆಲೆ ದಿನಾ ಅದೇ ವೇಗದಲ್ಲಿ ಏರುತ್ತಲೇ ಇರಬೇಕು. ಆ ವೇಗ ತಗ್ಗಿದರೂ ಸಾಕು, ಗೆರೆ ಒಡೆಯುತ್ತದೆ. ಅಮೆರಿಕದ ಥಾಮಸ್ ಬುಲ್ಕೋವ್ಸ್ಕಿ ಇಂಥ ಚಾರ್ಟ್‌ಗಳನ್ನು ವರ್ಷಗಟ್ಟಲೆ ಒಂದೊಂದಾಗಿ ಎಣಿಸಿದವರು. ಅವರ ಎಣಿಕೆಯಲ್ಲೂ ಏರುವ ವೆಡ್ಜ್ ಅರ್ಧಕ್ಕಿಂತ ಜಾಸ್ತಿ ಸಲ ಕೆಳಗೇ ಒಡೆದಿದೆ. ಆದರೆ ಒಡೆದ ಮೇಲೆ ಆಗುವ ಇಳಿತದ ದೃಷ್ಟಿಯಿಂದ ಅದನ್ನು ಅವರು ದುರ್ಬಲ ಆಕಾರಗಳ ಸಾಲಿಗೆ ಸೇರಿಸುತ್ತಾರೆ. ಮೇಲಿನ ಲೆಕ್ಕ ಅರ್ಥವಾದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಗೆರೆ ಒಡೆಯುವುದು ಸುಲಭ, ಬೆಲೆ ಬೀಳುವುದು ಅದಕ್ಕಿಂತ ಬೇರೆ ಮಾತು.

ಹಾಗಾದರೆ ನಿಜವಾದ ಇಳಿತ ಯಾವುದು ಅಂತ ತಿಳಿಯುವುದು ಹೇಗೆ? ನಾನು ಗೆರೆಗಿಂತ ಕೊನೆಯ ಲೋ ಕಡೆ ನೋಡುತ್ತೇನೆ. ಈ ಚಾರ್ಟ್‌ನಲ್ಲಿ ಅದು 248. ಗೆರೆ ದಿನಾ ಜಾಗ ಬದಲಾಯಿಸುತ್ತದೆ, 248 ಬದಲಾಗುವುದಿಲ್ಲ. ಅಲ್ಲಿ ನಿಜವಾಗಿ ಜನ ಕೊಂಡಿದ್ದರು. ಬೆಲೆ 248ರ ಮೇಲಿರುವವರೆಗೂ "ಲೋ ಮೇಲೇರುತ್ತಿದೆ" ಅನ್ನುವ ಮಾತು ಸುಳ್ಳಾಗಿಲ್ಲ. ಅದರ ಕೆಳಗೆ ದಿನದ ಬೆಲೆ ಮುಗಿದರೆ ಅಲ್ಲಿ ಕೊಂಡವರೆಲ್ಲ ನಷ್ಟದಲ್ಲಿದ್ದಾರೆ. ಅವರ ಸ್ಟಾಪ್‌ಲಾಸ್‌ಗಳು, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಅನ್ನುವ ಆರ್ಡರ್‌ಗಳು, ಅದರ ಕೆಳಗೇ ಕೂತಿರುತ್ತವೆ. ಒಂದು ಆರ್ಡರ್ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ಇಳಿತಕ್ಕೆ ವೇಗ ಬರುವುದು ಆಗ.

ಇದಕ್ಕೆ ಬೆಲೆ ತೆರಬೇಕಾಗುತ್ತದೆ ಅನ್ನುವುದೂ ನಿಜ. 259ರಲ್ಲಿ ಮಾರುವುದಕ್ಕೂ 248 ಒಡೆಯುವವರೆಗೆ ಕಾಯುವುದಕ್ಕೂ ಷೇರಿಗೆ 11 ರೂಪಾಯಿ ವ್ಯತ್ಯಾಸ. ಹಾಗಾಗಿ ಡೆಲಿವರಿಗೆ ಕೊಂಡಿಟ್ಟವರಿಗೆ ನಾನು ಹೇಳುವುದು ಇಷ್ಟು: ಗೆರೆ ಒಡೆದಾಗ ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ, ಬೇಕಿದ್ದರೆ ಅರ್ಧ ಮಾರಿ. ಉಳಿದದ್ದಕ್ಕೆ 248ರ ಕೆಳಗೆ ಸ್ಟಾಪ್‌ಲಾಸ್ ಇಡಿ. ಕೈಯಲ್ಲಿಲ್ಲದ ಷೇರನ್ನು ಮಾರಿ ಇಳಿತದಲ್ಲಿ ದುಡ್ಡು ಮಾಡುವ ಯೋಚನೆ ಇದ್ದವರು ಇದನ್ನು ನೆನಪಿಡಬೇಕು. ನಮ್ಮಲ್ಲಿ ಕ್ಯಾಶ್ ಮಾರುಕಟ್ಟೆಯಲ್ಲಿ ಹಾಗೆ ಮಾರಿದ್ದನ್ನು ಅದೇ ದಿನ ಮರಳಿ ಕೊಳ್ಳಬೇಕು. ದಿನಗಟ್ಟಲೆ ಕಾಯಲು ಸಾಮಾನ್ಯವಾಗಿ ಫ್ಯೂಚರ್ಸ್, ಆಪ್ಷನ್ಸ್‌ಗೆ ಹೋಗಬೇಕು. ಅಲ್ಲಿ 3 ರೂಪಾಯಿಯ ಗೆರೆ ಒಡೆತವನ್ನು ನಂಬಿ ಇಳಿಯುವುದು ತಪ್ಪು.

ನಮ್ಮ ಓದುಗರ ಚಾರ್ಟ್‌ನಲ್ಲಿ ಮುಂದೆ ಏನಾಯಿತು? 31ನೇ ದಿನ ಬೆಲೆ ಮರಳಿ 261ಕ್ಕೆ ಹೋಯಿತು, ಗೆರೆಯನ್ನು ಕೆಳಗಿನಿಂದ ಮುಟ್ಟುವಷ್ಟು ಹತ್ತಿರ. ಹೀಗೆ ಹಿಂದಿರುಗಿ ಬರುವುದು ತುಂಬಾ ಸಾಮಾನ್ಯ. ಮೊದಲ ದಿನವೇ ಗಾಬರಿಯಾಗಿ ಮಾರಿದವರು "ಅಯ್ಯೋ, ತಪ್ಪು ಮಾಡಿದೆ" ಅಂತ ಮತ್ತೆ ಕೊಳ್ಳುವುದು ಇಲ್ಲೇ. ಮರುದಿನ 257. 36ನೇ ದಿನ 246ಕ್ಕೆ ಮುಗಿಯಿತು, ಅವತ್ತಿನ ವಾಲ್ಯೂಮ್ ಕಂಬ ಹಿಂದಿನ ಎರಡು ವಾರಗಳಲ್ಲೇ ಎತ್ತರದ್ದು. ಅಲ್ಲಿಂದ ಬೆಲೆ 231ರವರೆಗೆ ಇಳಿದು ನಿಂತಿತು. ವೆಡ್ಜ್ ಶುರುವಾದ 200ಕ್ಕೆ ಮರಳಿ ಬರುತ್ತದೆ ಅಂತ ಕೆಲವರು ಗುರಿ ಹೇಳುತ್ತಾರೆ. ಇಲ್ಲಿ ಅರ್ಧ ದಾರಿಯಲ್ಲೇ ನಿಂತಿತು.

ಇಳಿಯುವ ವೆಡ್ಜ್ ಇದರ ಕನ್ನಡಿ ಬಿಂಬ. ಮೇಲಿನ ಗೆರೆ ಜಾಸ್ತಿ ವೇಗದಲ್ಲಿ ಇಳಿಯುತ್ತದೆ, ಬೆಲೆ ಸುಮ್ನೆ ನಿಂತರೂ ಗೆರೆ ಅದರ ಕೆಳಗೆ ಜಾರಿ "ಮೇಲಕ್ಕೆ ಒಡೆಯಿತು" ಅನ್ನಿಸಿಕೊಳ್ಳುತ್ತದೆ. ಇಲ್ಲಿ ನೋಡಬೇಕಾದದ್ದು ಕೊನೆಯ ಹೈ. ಅದನ್ನು ದಾಟದೆ ಕೊಂಡರೆ ನಿಂತ ನೀರಿಗೆ ದುಡ್ಡು ಹಾಕಿದ ಹಾಗೆ. ಒಳ್ಳೆಯ ಏರಿಕೆಯ ನಡುವೆ ಬೆಲೆ ಸ್ವಲ್ಪ ಸುಧಾರಿಸಿಕೊಳ್ಳುವಾಗ ಬಂದ ಇಳಿಯುವ ವೆಡ್ಜ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆದರೆ ಇಳಿಯುವ ವೆಡ್ಜ್‌ಗೆ ಅದರದ್ದೇ ಒಂದು ಮೋಸವಿದೆ. ಇದಕ್ಕೆ ನಾನೂ ದುಡ್ಡು ಕಳೆದುಕೊಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಒಂದು ಷೇರು ತಿಂಗಳುಗಟ್ಟಲೆ ಬೀಳುತ್ತಿದೆ ಅನ್ನಿ. ಮೊದಲು ಮೇಲಿನ ಗೆರೆ 400, ಕೆಳಗಿನದು 320. ಕೊನೆಗೆ ಮೇಲಿನದು 100, ಕೆಳಗಿನದು 80. ರೂಪಾಯಿಯಲ್ಲಿ ನೋಡಿದರೆ ಅಂತರ 80ರಿಂದ 20ಕ್ಕೆ ಇಳಿದಿದೆ, ಚಾರ್ಟ್‌ನಲ್ಲಿ ಅಚ್ಚುಕಟ್ಟಾದ ಬೆಣೆಯ ಆಕಾರ. ಆದರೆ ಶೇಕಡಾ ಲೆಕ್ಕದಲ್ಲಿ ಅಂತರ ಆಗಲೂ 20, ಈಗಲೂ 20. ಮಾರುವವರು ಒಂಚೂರೂ ದಣಿದಿಲ್ಲ, ಅದೇ ವೇಗದಲ್ಲಿ ಬಡಿಯುತ್ತಿದ್ದಾರೆ. ಅದು ವೆಡ್ಜ್ ಅಲ್ಲ, ಇಳಿಯುವ ಚಾನೆಲ್. ಬೆಲೆ ಸಣ್ಣದಾಗಿದ್ದಕ್ಕೆ ರೂಪಾಯಿಯ ಅಂತರವೂ ಸಣ್ಣದಾಗಿದೆ, ಅಷ್ಟೇ. ಚಾರ್ಟ್ ಅನ್ನು ಲಾಗ್ ಸ್ಕೇಲ್‌ಗೆ, ಅಂದರೆ ಸಮಾನ ಶೇಕಡಾ ಏರಿಳಿತ ಸಮಾನ ಎತ್ತರದಲ್ಲಿ ಕಾಣುವ ಅಳತೆಗೆ, ಹಾಕಿದರೆ ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ, ಗೆರೆಗಳು ಸಮಾನಾಂತರವಾಗಿ ಕಾಣುತ್ತವೆ. ಕೆಲವು ವಾರಗಳ ಸಣ್ಣ ವೆಡ್ಜ್‌ಗೆ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಬೆಲೆ ಅರ್ಧಕ್ಕಿಂತ ಕೆಳಗೆ ಬಂದಿರುವ ಚಾರ್ಟ್‌ನಲ್ಲಿ ಮಾತ್ರ ತಪ್ಪದೆ ನೋಡಿ.

ಇದನ್ನು ಹೇಳಿದಾಗ ಓದುಗರು ಫೋನ್ ತೆಗೆದು ಇನ್ನೊಂದು ಚಾರ್ಟ್ ತೋರಿಸಿದರು. ಒಂದೂವರೆ ವರ್ಷದಿಂದ ಬೀಳುತ್ತಿರುವ ಷೇರು, ಇಳಿಯುವ ವೆಡ್ಜ್ ಅಂತ ಗುರುತು ಹಾಕಿಟ್ಟುಕೊಂಡು ಕೊಳ್ಳಲು ಕಾಯುತ್ತಿದ್ದರು. ಲಾಗ್ ಸ್ಕೇಲ್ ಒತ್ತಿದರು, ಗೆರೆಗಳನ್ನು ಹೊಸದಾಗಿ ಎಳೆದರು. ಎರಡೂ ರೈಲು ಹಳಿಯ ಹಾಗೆ ಸಮನಾಗಿ ಕೆಳಗೆ ಹೋಗುತ್ತಿದ್ದವು. ಸ್ವಲ್ಪ ಹೊತ್ತು ನೋಡಿ, ಆ ಷೇರನ್ನು ಪಟ್ಟಿಯಿಂದ ತೆಗೆದುಹಾಕಿದರು.