ಮಳೆ ತೆಗೆದು ಗಾಳಿ ಹಾಕಿ ನೋಡಿ

ಯಂತ್ರ ಬರೆದ ಕವಿತೆಯನ್ನು ಓದಿದ ಕೂಡಲೇ ಗುರುತಿಸಬಹುದು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಮಾನ್ಯ ಓದುಗರಿಗೆ ಪ್ರಸಿದ್ಧ ಇಂಗ್ಲಿಷ್ ಕವಿಗಳ ಪದ್ಯಗಳನ್ನೂ ಯಂತ್ರದ ಪದ್ಯಗಳನ್ನೂ ಬೆರೆಸಿ ಕೊಟ್ಟರು. ಸರಿಯಾಗಿ ಗುರುತಿಸಿದ್ದು ಶೇಕಡಾ 46.6ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಜಾಸ್ತಿ ಸರಿಯಾಗುತ್ತಿತ್ತು!

ಹಾಗಾದರೆ ಏನನ್ನು ನೋಡಬೇಕು? ಉದಾಹರಣೆಗೆಂದೇ ಕಟ್ಟಿದ ಈ ಎರಡು ಸಾಲು ಓದಿ:

ಮಳೆಯ ಹನಿಯಲಿ ನಿನ್ನ ನೆನಪು
ಮನದ ಗೂಡಲಿ ಮೌನದ ಹೊಳಪು

ಪ್ರಾಸ ಚೆನ್ನಾಗಿದೆ. ಈಗ ಮಳೆ ತೆಗೆದು ‘ಇರುಳ ಗಾಳಿಯಲಿ’ ಅಂತ ಹಾಕಿ. ಏನೂ ಬದಲಾಗಲಿಲ್ಲ, ಅಲ್ವಾ? ಅಂದರೆ ಆ ಮಳೆ ಅಲ್ಲಿ ಸುರಿಯುತ್ತಲೇ ಇರಲಿಲ್ಲ. ಈಗ ಇದನ್ನು ನೋಡಿ:

ಸೋರುವ ಮೂಲೆಗೆ ನೀನಿಟ್ಟ ಬೋಗುಣಿ
ತುಂಬಿದೆ, ಚೆಲ್ಲಲು ಯಾರೂ ಏಳುತ್ತಿಲ್ಲ

ಪ್ರಾಸವಿಲ್ಲ, ‘ಮಳೆ’ ಎಂಬ ಪದವೂ ಇಲ್ಲ. ಆದರೆ ಇಲ್ಲಿ ಮಳೆಯ ಬದಲು ಗಾಳಿ ತಂದರೆ ಸಾಲೇ ಕುಸಿಯುತ್ತದೆ. ಗಾಳಿಗೆ ಬೋಗುಣಿ ತುಂಬುವುದಿಲ್ಲ.

ಯಂತ್ರದ ಸಾಲಿನಲ್ಲಿ ಪದಗಳು ಹೀಗೆ ಸಡಿಲವಾಗಿರುವುದಕ್ಕೆ ಕಾರಣವಿದೆ. ಇಂಥ ಪದ್ಯ ಬರೆಯುವ ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಪ್ರತಿ ಹೆಜ್ಜೆಯಲ್ಲೂ ಮುಂದೆ ಯಾವ ಪದ ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ‘ಮಳೆ’ ಬಂದರೆ ‘ಹನಿ’, ‘ನೆನಪು’ ಮುಂದೆ ಬರುತ್ತವೆ, ಏಕೆಂದರೆ ಅದು ಓದಿದ ಸಾವಿರಾರು ಪದ್ಯಗಳಲ್ಲಿ ಅವು ಜೊತೆಗಿವೆ. ಬೋಗುಣಿ ಎಲ್ಲೋ ಹಿಂದೆ ಉಳಿಯುತ್ತದೆ. ಇದರ ಮೇಲೆ ಪ್ರಾಸದ ಒತ್ತಡ ಬೇರೆ. 2025ರಲ್ಲಿ ಆಂಥ್ರೋಪಿಕ್ ಎಂಬ ಎಐ ಕಂಪನಿಯ ಸಂಶೋಧಕರು ಪ್ರಾಸವಿರುವ ಎರಡು ಸಾಲು ಬರೆಸಿ, ತಮ್ಮ ಮಾದರಿಯ ಒಳಗಿನ ಲೆಕ್ಕಾಚಾರವನ್ನು ಪರೀಕ್ಷಿಸಿದರು. ಎರಡನೇ ಸಾಲು ಶುರುವಾಗುವ ಮೊದಲೇ ಅದು ಪ್ರಾಸದ ಪದವನ್ನು ಆರಿಸಿಕೊಂಡು, ಸಾಲನ್ನು ಅದರ ಕಡೆಗೆ ನಡೆಸುತ್ತಿತ್ತು. ಹೀಗೆ ‘ಹೊಳಪು’ ಮೊದಲೇ ಗೊತ್ತಾದರೆ, ಹೊಳೆಯುವ ವಸ್ತು ಯಾವುದಾದರೂ ನಡೆಯುತ್ತದೆ.

ಕಡಿಮೆ ಸಾಧ್ಯತೆಯ ಪದಗಳಿಗೂ ಎಷ್ಟು ಅವಕಾಶ ಕೊಡಬೇಕು ಎಂದು ನಿರ್ಧರಿಸುವ ‘ಟೆಂಪರೇಚರ್’ ಎಂಬ ಸೆಟ್ಟಿಂಗ್ ಮಾದರಿಯಲ್ಲಿದೆ; ಅದನ್ನು ಏರಿಸಿದರೆ ಅಪರೂಪದ ಪದಗಳು ಬರುತ್ತವೆ, ನಿಜ. ಆದರೆ ವಿಚಿತ್ರ ಪದವೇ ಬೇರೆ, ಕಂಡು ಬರೆದ ವಿವರವೇ ಬೇರೆ. 1952ರಲ್ಲೇ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ ಮ್ಯಾಂಚೆಸ್ಟರ್‌ನ ಕಂಪ್ಯೂಟರಿನಲ್ಲಿ ಪ್ರೇಮಪತ್ರ ಬರೆಸಿದ್ದ. ವಾಕ್ಯದ ಖಾಲಿ ಜಾಗಗಳಿಗೆ ಪಟ್ಟಿಯಿಂದ ಸುಮ್ನೆ ಯಾವುದೋ ಪದ ಎತ್ತಿ ತುಂಬುವ ಪ್ರೋಗ್ರಾಂ ಅದು. ಯಾವ ಪದ ಬಿದ್ದರೂ ಪತ್ರ ಪ್ರೇಮಪತ್ರವಾಗಿಯೇ ಉಳಿಯುತ್ತಿತ್ತು. ಇಂದಿನ ಮಾದರಿ ಅದಕ್ಕಿಂತ ಎಷ್ಟೋ ಜಾಣ, ಆದರೆ ಸಡಿಲ ಪದದ ಕಾಯಿಲೆ ಪೂರ್ತಿ ಹೋಗಿಲ್ಲ.

ಈ ಪರೀಕ್ಷೆಗೂ ಮಿತಿಯಿದೆ. ಟ್ಯೂನಿಗೆ ಅವಸರದಲ್ಲಿ ಹಾಡು ಬರೆಯುವ ಮನುಷ್ಯರೂ ಇಂಥ ಸಾಲು ಬರೆಯುತ್ತಾರೆ. ಬೋಗುಣಿಯ ವಿವರವನ್ನು ನಾವೇ ಕೊಟ್ಟರೆ ಯಂತ್ರವೂ ಗಟ್ಟಿ ಸಾಲು ಬರೆಯಬಲ್ಲದು. ಆದ್ದರಿಂದ ಒಂದೇ ಪದ್ಯ ನೋಡಿ ಯಾರ ಮೇಲೂ ಆರೋಪ ಹೊರಿಸಬೇಡಿ. ಒಬ್ಬರದೇ ಹತ್ತು ಪದ್ಯ ತೆಗೆದುಕೊಳ್ಳಿ. ಅಗಲಿಕೆ, ಹಬ್ಬ, ಯುದ್ಧ, ಹೀಗೆ ವಿಷಯ ಯಾವುದೇ ಇದ್ದರೂ ಅದೇ ಮೌನ, ಅದೇ ಹೊಳಪು ಮರಳಿ ಬರುತ್ತಿದ್ದರೆ ಅನುಮಾನಕ್ಕೆ ಒಂದಿಷ್ಟು ಆಧಾರ ಸಿಕ್ಕಂತೆ.