ಖಾತೆ, ಮ್ಯುಟೇಶನ್, ಋಣಭಾರ: ಇ.ಸಿ.ಯನ್ನೂ ಪಹಣಿಯನ್ನೂ ಪಕ್ಕಪಕ್ಕ ಇಟ್ಟು ಓದುವುದು

ಕಂದಾಯದ ಕಾಗದಗಳನ್ನು ಓದಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕೃಷಿ ಜಮೀನನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಸೈಟು, ಮನೆಗಳ ವಿಷಯ ನಡುವೆ ಚಿಕ್ಕದಾಗಿ ಬರುತ್ತದೆ.

ಮೊದಲು ತಲೆಯಲ್ಲಿ ಕೂರಬೇಕಾದದ್ದು, ಇವು ಎರಡು ಬೇರೆ ಇಲಾಖೆಗಳ ದಾಖಲೆಗಳು ಎಂಬುದು. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳು ನೋಂದಣಿಯಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಋಣಭಾರ ಪತ್ರ, ಅಂದರೆ ಎಲ್ಲರೂ ಹೇಳುವ ಇ.ಸಿ., ಬರುವುದೂ ಅಲ್ಲಿಂದಲೇ. ಪಹಣಿ ಮತ್ತು ಮ್ಯುಟೇಶನ್ ತಹಶೀಲ್ದಾರ್ ಕಚೇರಿಯವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇದ್ದೇ ಇರಬೇಕೆಂದಿಲ್ಲ. ಈ ಟಿಪ್ಪಣಿಯ ಬಹುಭಾಗ ಆ ವ್ಯತ್ಯಾಸದ ಬಗ್ಗೆಯೇ.

ಖಾತೆ

ಖಾತೆ ಎಂದರೆ ಕಂದಾಯ ಅಥವಾ ತೆರಿಗೆ ಯಾರ ಹೆಸರಿನಲ್ಲಿ ಕಟ್ಟಿಸಿಕೊಳ್ಳಬೇಕು ಎಂಬ ಲೆಕ್ಕ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣದ ಜೊತೆ ಖಾತಾ ನಂಬರು ಇರುತ್ತದೆ. ಊರಿನ ಸೈಟು, ಮನೆಗಳಿಗೆ ಗ್ರಾಮ ಪಂಚಾಯಿತಿ ನಮೂನೆ 9 ಮತ್ತು 11 ಕೊಡುತ್ತದೆ, ಪಟ್ಟಣದಲ್ಲಿ ಆ ಕೆಲಸ ನಗರಸಭೆ ಅಥವಾ ಪಾಲಿಕೆಯದು. ಬೆಂಗಳೂರಿನವರು ‘ಬಿ ಖಾತೆ’ ಎನ್ನುವುದು ನಿಯಮಗಳಿಗೆ ಪೂರ್ತಿ ಹೊಂದದ ಆಸ್ತಿಗಳಿಂದ ತೆರಿಗೆ ವಸೂಲಿಗೆಂದು ಇಟ್ಟ ಬೇರೆ ವಹಿಯ ನಮೂದನ್ನು.

ಖಾತೆ ಇದ್ದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ. ಮ್ಯುಟೇಶನ್ ನಮೂದು ಕಂದಾಯ ವಸೂಲಿಯ ಉದ್ದೇಶಕ್ಕೆ ಮಾತ್ರ, ಅದರಿಂದ ಹಕ್ಕು ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಾಗಂತ ಪಹಣಿಯನ್ನು ಹಗುರವಾಗಿ ಕಾಣುವಂತಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪೆಂದು ರುಜುವಾತಾಗುವವರೆಗೆ ಹಕ್ಕು ದಾಖಲೆಯ ನಮೂದನ್ನು ಸರಿ ಎಂದೇ ಭಾವಿಸಬೇಕು.

ಮ್ಯುಟೇಶನ್

ದಾಖಲೆಯಲ್ಲಿ ಒಂದು ಹೆಸರು ತೆಗೆದು ಇನ್ನೊಂದು ಹೆಸರು ಸೇರಿಸುವ ಪ್ರಕ್ರಿಯೆ ಇದು. ಊರಲ್ಲಿ ‘ಖಾತೆ ಬದಲಾವಣೆ’, ‘ಖಾತೆ ಮಾಡಿಸೋದು’ ಅಂದರೆ ಇದೇ. ಮಾಲೀಕ ತೀರಿಕೊಂಡು ವಾರಸುದಾರರ ಹೆಸರಿಗೆ ಆದರೆ ಅದು ಪೌತಿ ಖಾತೆ.

ಕ್ರಯವಾದರೆ ನಡೆಯುವುದು ಹೀಗೆ. ಪತ್ರ ನೋಂದಣಿಯಾದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕಾವೇರಿ ತಂತ್ರಾಂಶದಿಂದ ಜೆ-ಸ್ಲಿಪ್ ಎಂಬ ಮಾಹಿತಿ ತಾಲ್ಲೂಕು ಕಚೇರಿಯ ಭೂಮಿ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿ ಮ್ಯುಟೇಶನ್ ನಂಬರು ಬಿದ್ದು, ಸಂಬಂಧಪಟ್ಟವರಿಗೆ ನೋಟಿಸು ಹೊರಡುತ್ತದೆ. ಗಡುವಿನೊಳಗೆ ಯಾರೂ ತಕರಾರು ಹಾಕದಿದ್ದರೆ ರಾಜಸ್ವ ನಿರೀಕ್ಷಕರು ಅನುಮೋದಿಸುತ್ತಾರೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ತಕರಾರು ಬಂದರೆ ವಿಚಾರಣೆ ನಡೆಯುತ್ತದೆ. ಆ ಆದೇಶ ಒಪ್ಪಿಗೆಯಾಗದಿದ್ದರೆ 136ನೇ ಕಲಂ ಅಡಿ ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿ ಹಾಕಬಹುದು.

ಪೌತಿಯಲ್ಲಿ ಜೆ-ಸ್ಲಿಪ್ ಇರುವುದಿಲ್ಲ, ಏಕೆಂದರೆ ಅಲ್ಲಿ ನೋಂದಣಿಯಾಗುವ ಪತ್ರವೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನೇರ ಅರ್ಜಿ ಕೊಡಬೇಕು. ಈ ಸಣ್ಣ ವ್ಯತ್ಯಾಸವನ್ನು ನೆನಪಿಡಿ, ಮುಂದಿನ ಇಡೀ ಉದಾಹರಣೆ ಇದರ ಮೇಲೇ ನಿಂತಿದೆ.

ಋಣಭಾರ ಪತ್ರ

ನೀವು ಕೇಳಿದ ಅವಧಿಯಲ್ಲಿ, ನೀವು ಕೊಟ್ಟ ಆಸ್ತಿ ವಿವರದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇದು. ವ್ಯವಹಾರ ಇದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. (ಪಹಣಿಯ ನೆತ್ತಿಯ ಮೇಲೂ ‘ನಮೂನೆ 16’ ಎಂದೇ ಇರುತ್ತದೆ. ಬೇರೆ ಕಾಯ್ದೆ, ಬೇರೆ ನಮೂನೆ, ಬೆರೆಸಬೇಡಿ.)

ಹೆಸರಿನಲ್ಲಿ ಋಣ ಇದೆಯೆಂದು ಸಾಲ ಮಾತ್ರ ಕಾಣುತ್ತದೆ ಅಂದುಕೊಳ್ಳಬಾರದು, ಕ್ರಯ, ದಾನ, ವಿಭಾಗ, ಹಕ್ಕು ಖುಲಾಸೆ ಎಲ್ಲವೂ ಬರುತ್ತವೆ. ಕಾಣದಿರುವುದು ಏನೇನು ಎಂಬುದು ಇನ್ನೂ ಮುಖ್ಯ. ಪೌತಿ ಕಾಣುವುದಿಲ್ಲ. ಉಯಿಲು ನೋಂದಣಿಯಾಗಿದ್ದರೂ ಕಾಣುವುದಿಲ್ಲ, ಏಕೆಂದರೆ ಆಸ್ತಿ ಪತ್ರಗಳು ದಾಖಲಾಗುವುದು 1ನೇ ಪುಸ್ತಕದಲ್ಲಿ, ಉಯಿಲುಗಳು 3ನೇ ಪುಸ್ತಕದಲ್ಲಿ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು ಇವೂ ಬರುವುದಿಲ್ಲ. ಕೋರ್ಟಿನಲ್ಲಿ ದಾವೆ ನಡೆಯುತ್ತಿದೆ ಎಂಬುದನ್ನು ತಿಳಿಯಲೂ ಇ.ಸಿ.ಯನ್ನು ನಂಬಿಕೊಳ್ಳುವಂತಿಲ್ಲ.

ಜೋಡಿ ಹೊಂದಿಸುವುದು

ನನಗೆ ತೀರಾ ತೊಡಕೆನಿಸಿದ್ದು ಇದು. ಇ.ಸಿ.ಯಲ್ಲಿ ತೊಂದರೆ ಏನೂ ಇಲ್ಲ, ಪಹಣಿಯಲ್ಲಿ ಮಾರುವವನ ಹೆಸರೇ ಇದೆ, ಕಂದಾಯ ಕಟ್ಟಿದ ರಸೀದಿಯೂ ಇದೆ. ಆದರೂ ವಕೀಲರು ‘ಈ ಜಮೀನು ಬೇಡ’ ಅನ್ನುತ್ತಾರಲ್ಲ, ಅದು ಯಾವುದನ್ನು ನೋಡಿ? ಎರಡು ಕಡೆಯ ನಮೂದುಗಳನ್ನು ಜೋಡಿ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಒಂದು ಕಲ್ಪಿತ ಜಮೀನು ತೆಗೆದುಕೊಳ್ಳೋಣ.

ಸರ್ವೆ ನಂಬರು 86/2, ವಿಸ್ತೀರ್ಣ 3 ಎಕರೆ 20 ಗುಂಟೆ. ಒಂದು ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 140 ಗುಂಟೆ. 1998ರಲ್ಲಿ ತಂದೆ ತನ್ನ ದುಡಿಮೆಯಲ್ಲಿ ಕ್ರಯಕ್ಕೆ ಕೊಂಡದ್ದು. 2009ರಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರು. 2010ರಲ್ಲಿ ಪೌತಿ ಖಾತೆ ಅಣ್ಣ ಒಬ್ಬನ ಹೆಸರಿಗೆ ಆಯಿತು. 2021ರಲ್ಲಿ ಅವನು 1 ಎಕರೆ 10 ಗುಂಟೆಯನ್ನು ಪಕ್ಕದವರಿಗೆ ಮಾರಿದ. ಈಗ ಉಳಿದ 2 ಎಕರೆ 10 ಗುಂಟೆಯನ್ನೂ ಮಾರಲು ಹೊರಟಿದ್ದಾನೆ.

ಕೊಳ್ಳುವವರು 2004ರಿಂದ ಇಂದಿನವರೆಗೆ ಇ.ಸಿ. ತೆಗೆಸುತ್ತಾರೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಲ್ಲಿಂದೀಚಿನದು, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ನಮೂನೆ 15ರಲ್ಲಿ ಒಂದೇ ಸಾಲು: 2021ರ ಕ್ರಯ, ಬರೆದುಕೊಟ್ಟವನು ಅಣ್ಣ. ಅಡಮಾನ ಇಲ್ಲ. ಪಹಣಿಯ 9ನೇ ಕಾಲಂನಲ್ಲಿ ಅಣ್ಣನ ಹೆಸರು, 2-10-00. ಸಾಲ, ಹೊಣೆಗಳನ್ನು ತೋರಿಸುವ 11ನೇ ಕಾಲಂ ಖಾಲಿ.

ಈಗ ಜೋಡಿ ಹೊಂದಿಸಿ. ಇ.ಸಿ.ಯಲ್ಲಿ ಅಣ್ಣ ಮಾರಿದ್ದು ಇದೆ. ಆದರೆ ಅವನು ಅದನ್ನು ಪಡೆದದ್ದು ಎಲ್ಲಿ? ಅವನಿಗೆ ಯಾರೂ ಬರೆದುಕೊಟ್ಟ ಸಾಲು ಇಲ್ಲ. ಇ.ಸಿ.ಯಲ್ಲಿ ಹೀಗೆ ಹಿಂದುಮುಂದಿಲ್ಲದೆ ಒಂದು ಹೆಸರು ಬಂದು ನಿಂತರೆ ಅಲ್ಲೇ ನಿಲ್ಲಬೇಕು. ಹಕ್ಕು ಬಂದದ್ದು ಹುಡುಕಾಟದ ಅವಧಿಗಿಂತ ಮುಂಚೆ, ಇಲ್ಲವೇ ನೋಂದಣಿಯಿಲ್ಲದ ದಾರಿಯಲ್ಲಿ. ಉತ್ತರಕ್ಕೆ ಪಹಣಿಯ 10ನೇ ಕಾಲಂ ನೋಡಿ, ಸ್ವಾಧೀನ ಹೇಗೆ ಬಂತು ಎಂಬುದು ಅಲ್ಲಿ ಮ್ಯುಟೇಶನ್ ನಂಬರಿನ ಸಮೇತ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ‘ಪೌತಿ, ಎಂ.ಆರ್. 14/2010-11’ ಎಂದಿದೆ ಅನ್ನೋಣ. ಆ ಎಂ.ಆರ್., ಅಂದರೆ ಮ್ಯುಟೇಶನ್ ರಿಜಿಸ್ಟರಿನ ಪ್ರತಿ, ಅದರ ಜೊತೆ ಇಟ್ಟ ವಂಶವೃಕ್ಷ ತೆಗೆಸಿದರೆ ತಾಯಿ, ಅಣ್ಣ, ತಮ್ಮ, ತಂಗಿ ನಾಲ್ವರೂ ಕಾಣುತ್ತಾರೆ.

ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಂದೆಯ ಸ್ವಯಾರ್ಜಿತ ಆಸ್ತಿ ಉಯಿಲಿಲ್ಲದಿದ್ದರೆ ಹೆಂಡತಿಗೂ ಗಂಡು, ಹೆಣ್ಣು ಮಕ್ಕಳಿಗೂ ಸಮವಾಗಿ ಹೋಗುತ್ತದೆ. 140 ಗುಂಟೆ, ನಾಲ್ಕು ಪಾಲು, ತಲಾ 35. ಅಣ್ಣ 2021ರಲ್ಲೇ ಮಾರಿದ್ದು 50 ಗುಂಟೆ, ತನ್ನ ಪಾಲಿಗಿಂತ 15 ಹೆಚ್ಚು. ಉಳಿದಿರುವುದು 90 ಗುಂಟೆ, ಮಿಕ್ಕ ಮೂವರ ಪಾಲು ಸೇರಿ 105. ಪಹಣಿಯಲ್ಲಿ 2-10-00 ಎಂದು ಅವನ ಹೆಸರಿನ ಮುಂದೆ ಎಷ್ಟು ಸ್ಪಷ್ಟವಾಗಿ ಬರೆದಿದ್ದರೂ, ಮಾರಲು ಅವನ ಕೈಯಲ್ಲಿ ಒಂದು ಗುಂಟೆಯೂ ಇಲ್ಲ.

‘ತಂಗಿ, ತಮ್ಮ ಆಗಲೇ ಬಿಟ್ಟುಕೊಟ್ಟಿದ್ದಾರೆ, ಪೌತಿ ಮಾಡುವಾಗ ಒಪ್ಪಿಗೆ ಹೇಳಿಕೆಗೆ ಸಹಿ ಹಾಕಿದ್ದಾರೆ’ ಎಂದು ಮಾರುವವರು ಹೇಳುವುದುಂಟು. ಒಂದೇ ಹೆಸರಿಗೆ ಖಾತೆಯಾಗಲು ಅಡ್ಡಿಯಿಲ್ಲ ಎಂದಷ್ಟೇ ಆ ಹೇಳಿಕೆಯ ಅರ್ಥ. ಸ್ಥಿರಾಸ್ತಿಯ ಮೇಲಿನ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಹಕ್ಕನ್ನು ಪತ್ರದ ಮೂಲಕ ಬಿಟ್ಟುಕೊಟ್ಟರೆ, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಆ ಪತ್ರ ನೋಂದಣಿಯಾಗಲೇಬೇಕು. ನೋಂದಾಯಿತ ಹಕ್ಕು ಖುಲಾಸೆ ಪತ್ರ ಆಗಿದ್ದರೆ ಅದು 2009ರ ನಂತರದ್ದೇ ಆಗಿರಬೇಕು, ಅಂದರೆ ನಮ್ಮ ಇ.ಸಿ. ಅವಧಿಯೊಳಗೇ ಬರಬೇಕು. ಬಂದಿಲ್ಲ. ಇಲ್ಲಿ ನಮಗೆ ಸತ್ಯ ಹೇಳಿದ್ದು ಇ.ಸಿ.ಯಲ್ಲಿ ಇಲ್ಲದ ಸಾಲು. ತಾಯಿ, ತಮ್ಮ, ತಂಗಿ ಮೂವರೂ ಕ್ರಯಪತ್ರಕ್ಕೆ ಬರೆದುಕೊಡುವವರಾಗಿ ಸಹಿ ಹಾಕದೆ ಈ ಜಮೀನು ಮುಟ್ಟಬಾರದು.

ಜೋಡಿ ಉಲ್ಟಾ ದಿಕ್ಕಿನಲ್ಲೂ ತಪ್ಪಬಹುದು. ಇ.ಸಿ.ಯಲ್ಲಿ ಕ್ರಯ ಇದೆ, ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕನ ಹೆಸರಿದೆ ಎಂದರೆ ಮ್ಯುಟೇಶನ್ ಬಾಕಿ ಇದೆ ಅಥವಾ ತಕರಾರಿನಲ್ಲಿ ನಿಂತಿದೆ. ಆಗ ಬರೀ ಪಹಣಿ ನೋಡಿದವರು, ಈಗಾಗಲೇ ಮಾರಿಹೋದ ಜಮೀನನ್ನು ಹಳೆಯ ಮಾಲೀಕನಿಂದ ಇನ್ನೊಮ್ಮೆ ಕೊಳ್ಳುವ ಅಪಾಯವಿದೆ.

ಹಿಸ್ಸಾ ನಂಬರಿನ ತೊಡಕು

ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ 11-ಇ ನಕ್ಷೆ ಬೇಕು. ಭೂಮಾಪಕರು ಅಳೆದು, ಹೊರಟ ತುಂಡು ಎಲ್ಲಿದೆ, ಎಷ್ಟಿದೆ ಎಂದು ತೋರಿಸುವ ನಕ್ಷೆ ಅದು. ಕ್ರಯ, ಮ್ಯುಟೇಶನ್ ಮುಗಿದಾಗ ಆ ತುಂಡಿಗೆ ಹೊಸ ಹಿಸ್ಸಾ ನಂಬರು ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಪಕ್ಕದವರ 1 ಎಕರೆ 10 ಗುಂಟೆ 86/4 ಆಯಿತು ಅನ್ನೋಣ.

ಮುಂದೆ ಆ ಪಕ್ಕದವರಿಂದ ಕೊಳ್ಳುವವರು 86/4 ಎಂದು ಮಾತ್ರ ಕೊಟ್ಟು 2004ರಿಂದ ಇ.ಸಿ. ಕೇಳಿದರೆ ನಮೂನೆ 16 ಬಂದುಬಿಡಬಹುದು. 2021ರ ಪತ್ರ ನೋಂದಣಿಯಾದದ್ದು 86/2ರ ಭಾಗ ಎಂಬ ವಿವರದಲ್ಲಿ, ಅದಕ್ಕೂ ಹಿಂದಿನ ಯಾವುದೇ ಅಡಮಾನವಿದ್ದರೂ ಅದು 86/2ರ ಮೇಲೇ ಇರುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ಮಾರುವವನ ಕೈಯಲ್ಲಿರುವ ಕ್ರಯಪತ್ರವೇ ಇ.ಸಿ.ಯಲ್ಲಿ ಕಾಣದಿದ್ದರೆ ಹುಡುಕಿದ ನಂಬರು ಸರಿಯಿಲ್ಲ ಎಂದರ್ಥ. ಆದ್ದರಿಂದ ಮ್ಯುಟೇಶನ್ ಪ್ರತಿಯಿಂದ ಹಳೆಯ ಹಿಸ್ಸಾ ನಂಬರನ್ನು ಗುರುತು ಹಾಕಿಕೊಂಡು, ಹೊಸ ನಂಬರಿಗೆ ಒಂದು, ಹಳೆಯ ನಂಬರಿಗೆ ಒಂದು, ಹೀಗೆ ಎರಡು ಇ.ಸಿ. ತೆಗೆಸಬೇಕು.