ಬೋರರ್ ಗಿಡ ಅಂದರೆ ಯಾವುದು? ಅಧ್ಯಾಯಗಳ ಥೀಸಿಸ್ ಪೇಪರ್‌ಗಳ ಥೀಸಿಸ್ ಆಗುವಾಗ

ಬಾಳೆಹೊನ್ನೂರು ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಬೋರರ್ ಅನ್ನುವ ಬಿಳಿ ಕಾಂಡಕೊರಕ ಹುಳುವಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಗೆಳತಿಯೊಬ್ಬಳು ತನ್ನ ಥೀಸಿಸ್ ಕರಡು ತಂದು ನನ್ನ ಮೇಜಿನ ಮೇಲಿಟ್ಟಳು. ಪೀಠಿಕೆ, ಸಾಹಿತ್ಯ ಸಮೀಕ್ಷೆ, ವಿಧಾನ, ಫಲಿತಾಂಶ, ಚರ್ಚೆ, ಸಾರಾಂಶ ಅಂತ ಆರು ಅಧ್ಯಾಯ. ಜೊತೆಗೆ ಅದೇ ಕೆಲಸದಿಂದ ಬಂದ ಮೂರು ಪೇಪರ್. "ಈ ಪೇಪರ್‌ಗಳನ್ನೇ ಜೋಡಿಸಿ ಥೀಸಿಸ್ ಮಾಡೋಕೆ ಆಗಲ್ವಾ?" ಅಂತ ಕೇಳಿದಳು.

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಪ್ರಕಟಿಸಿರಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ಮಾಡಿತು. 2016ರಲ್ಲಿ ಅದಕ್ಕೆ ಎರಡು ಸಮ್ಮೇಳನ ಮಂಡನೆಗಳೂ ಸೇರಿದವು. ಆಗಿನಿಂದ ವಿದ್ಯಾರ್ಥಿಗಳು ಒಂದೇ ಕೆಲಸವನ್ನು ಎರಡು ಸಲ ಬರೆದರು: ಪತ್ರಿಕೆಗೆ ಒಂದು ರೂಪ, ಥೀಸಿಸ್‌ಗೆ ಇನ್ನೊಂದು. 2022ರ ನಿಯಮದಲ್ಲಿ ಯುಜಿಸಿ ಈ ಕಡ್ಡಾಯ ತೆಗೆಯಿತು. ಆದರೆ ಪೇಪರ್ ಬರೆಯುವ ರೂಢಿ ಹೋಗಲಿಲ್ಲ. ಕೈಯಲ್ಲಿ ಪೇಪರ್ ಇರುವವರಿಗೆ ಎರಡನೇ ಸಲ ಬರೆಯುವುದು ಯಾಕೆ ಅನ್ನಿಸುತ್ತದೆ.

ಸ್ವೀಡನ್‌ನಲ್ಲಿ ವಿಜ್ಞಾನದ ಹೆಚ್ಚಿನ ಥೀಸಿಸ್‌ಗಳು ಪೇಪರ್‌ಗಳ ಕಟ್ಟುಗಳೇ. ಅವುಗಳನ್ನು ಒಟ್ಟಿಗೆ ಹಿಡಿಯುವ ಬರಹಕ್ಕೆ ಅಲ್ಲಿ 'ಕಪ್ಪಾ' ಅನ್ನುತ್ತಾರೆ, ಅಂದರೆ ಮೇಲಂಗಿ. ನಮ್ಮಲ್ಲಿ ಇದಕ್ಕೆ ಅವಕಾಶ ಇದೆಯೋ ಇಲ್ಲವೋ ಅನ್ನುವುದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ಆದ್ದರಿಂದ ಮೊದಲ ಹೆಜ್ಜೆ ಬರವಣಿಗೆ ಅಲ್ಲ, ಗೈಡ್ ಮೂಲಕ ಲಿಖಿತ ಒಪ್ಪಿಗೆ. ಅವಳಿಗೆ ಅದು ಸಿಕ್ಕಿತು.

ಅವಳು ಮೊದಲು ಅಧ್ಯಾಯಗಳ ಜಾಗದಲ್ಲಿ ಪೇಪರ್ ಕೂರಿಸಲು ಹೋದಳು. ಅದು ಆಗುವುದಿಲ್ಲ. ಅಧ್ಯಾಯಗಳು ಕೆಲಸದ ಹಂತದ ಪ್ರಕಾರ ಇರುತ್ತವೆ, ಪೇಪರ್‌ಗಳು ಪ್ರಶ್ನೆಯ ಪ್ರಕಾರ. ಒಂದೇ ವಿಧಾನ ಅಧ್ಯಾಯ ಮೂರು ಪೇಪರ್‌ಗಳಲ್ಲಿ ಮೂರು ತುಂಡಾಗಿ ಹೋಗಿರುತ್ತದೆ. ಉಳಿಯುವುದು ಪೀಠಿಕೆ, ಕೊನೆಯ ಒಟ್ಟು ಚರ್ಚೆ, ಮತ್ತು ಒಂದು ಪೇಪರ್‌ನಿಂದ ಮುಂದಿನದಕ್ಕೆ ಕೊಂಡಿಯಾಗುವ ಎರಡೆರಡು ಪುಟ. ಕಷ್ಟ ಇರುವುದು ಆ ಎರಡು ಪುಟಗಳಲ್ಲೇ.

ಅವಳ ಮೊದಲ ಕೊಂಡಿಯಲ್ಲಿ "ಹಿಂದಿನ ಪೇಪರ್‌ನಲ್ಲಿ ನೆರಳಿನ ಪರಿಣಾಮ ನೋಡಿದೆವು, ಮುಂದಿನದರಲ್ಲಿ ಸುಣ್ಣದ ಪ್ರಯೋಗ ನೋಡೋಣ" ಅಂತ ಇತ್ತು. ಇದು ವಿಷಯಸೂಚಿಯ ಕೆಲಸ. ಹಿಂದಿನ ಪೇಪರ್ ಏನನ್ನು ಉತ್ತರಿಸದೆ ಬಿಟ್ಟಿತು ಅಂತ ಕೊಂಡಿ ಹೇಳಬೇಕು. ಪೇಪರ್‌ಗಳ ನಡುವೆ ಏನು ಬದಲಾಯಿತು ಅಂತಲೂ ಒಪ್ಪಿಕೊಳ್ಳಬೇಕು.

ಏನು ಬದಲಾಗಿತ್ತು? ಮೊದಲ ಪೇಪರ್‌ನಲ್ಲಿ 'ಬೋರರ್ ಗಿಡ' ಅಂದರೆ ಕಾಂಡದ ಮೇಲೆ ಉಬ್ಬು ಗೆರೆ ಕಂಡ ಗಿಡ. ಎರಡನೆಯದರಲ್ಲಿ ಕಾಂಡ ಸೀಳಿದಾಗ ಹುಳು ಸಿಕ್ಕ ಗಿಡ. ಮೂರನೆಯದರಲ್ಲಿ ಬೆಳೆಗಾರರು ಕಿತ್ತು ಸುಟ್ಟೆವು ಅಂದ ಗಿಡ. ಹಳೆಯ ಥೀಸಿಸ್‌ನಲ್ಲಿ ಫಲಿತಾಂಶ ಅಧ್ಯಾಯದ ಕೋಷ್ಟಕಗಳು ಮೂರನ್ನೂ ಒಂದೇ ಹೆಸರಲ್ಲಿ ಕರೆದಿದ್ದವು. ಯಾರೂ ಗಮನಿಸಿರಲಿಲ್ಲ, ಅವಳೂ ಸಹ. ಪೇಪರ್‌ಗಳು ಅಕ್ಕಪಕ್ಕ ಬಂದಾಗ ಸಂಖ್ಯೆಗಳು ಒಂದಕ್ಕೊಂದು ಹೊಂದಲಿಲ್ಲ.

ಕಾರಣ ಹುಳುವಿನಲ್ಲೇ ಇದೆ. ಮರಿಹುಳು ಮೊದಲು ತೊಗಟೆಯಡಿ ಇರುತ್ತದೆ, ಆಗ ಹೊರಗೆ ಏನೂ ಕಾಣದೇ ಇರಬಹುದು. ಉಬ್ಬು ಕಾಣುವುದು ಆಮೇಲೆ. ಎಲೆ ಹಳದಿಯಾದಾಗ ಬೆಳೆಗಾರ ಗಿಡ ಕೀಳುತ್ತಾನೆ. ಮೂರು ಲೆಕ್ಕಗಳು ಒಂದೇ ಕೀಟಬಾಧೆಯ ಮೂರು ಹಂತ. ಅವಳ ಎರಡನೇ ಕೊಂಡಿ ಆಗ ಈ ರೂಪಕ್ಕೆ ಬಂತು:

"ಮೊದಲ ಪೇಪರ್‌ನಲ್ಲಿ ಉಬ್ಬು ನೋಡಿ ಎಣಿಸಿದೆ, ಆದ್ದರಿಂದ ಹೊಸದಾಗಿ ತಗುಲಿದ ಗಿಡಗಳು ಎಣಿಕೆಗೆ ಸಿಕ್ಕಿಲ್ಲ. ಎರಡನೆಯದರಲ್ಲಿ ಸೀಳಿ ನೋಡಿದೆ. ಮೂರನೆಯದು ಕಿತ್ತ ಗಿಡಗಳನ್ನು ಮಾತ್ರ ಹೇಳುತ್ತದೆ. ಮೂರನ್ನೂ ನೇರವಾಗಿ ಹೋಲಿಸಬಾರದು."

ಮೊದಲ ಮತ್ತು ಮೂರನೇ ಪೇಪರ್ ಎರಡರಲ್ಲೂ ಅವೇ ಹನ್ನೆರಡು ತೋಟಗಳು ಇದ್ದವು. ಅವುಗಳ ಎರಡೂ ಲೆಕ್ಕವನ್ನು ಒಂದೇ ಕೋಷ್ಟಕದಲ್ಲಿಟ್ಟು ಕೊಂಡಿಗೇ ಸೇರಿಸಿದಳು. ಪ್ರಕಟವಾದ ಪೇಪರ್‌ನ ಒಳಗೆ ಹೊಸದನ್ನು ತುರುಕುವಂತಿಲ್ಲ. ಹೊಸ ಮಾತೆಲ್ಲ ಕೊಂಡಿಯಲ್ಲಿ ಇಲ್ಲವೇ ಕೊನೆಯ ಚರ್ಚೆಯಲ್ಲಿ ಬರಬೇಕು.

ಕಾಗದಪತ್ರದ ಕೆಲಸವೂ ಇತ್ತು. ಪ್ರತಿ ಪೇಪರ್‌ನಲ್ಲಿ ಯಾರು ಯಾವ ಕೆಲಸ ಮಾಡಿದರು ಅನ್ನುವ ಹೇಳಿಕೆಗೆ ಸಹಲೇಖಕರೆಲ್ಲ ಸಹಿ ಹಾಕಿದರು. ಥೀಸಿಸ್ ಶೋಧಗಂಗಾ ಅನ್ನುವ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಎಲ್ಲರಿಗೂ ಸಿಗುವಂತೆ ಇರುತ್ತದೆ, ಹಾಗಾಗಿ ಪ್ರಕಾಶಕರ ಅನುಮತಿ ನೋಡಲೇಬೇಕು. ಒಂದು ಪತ್ರಿಕೆ ಅಚ್ಚಾದ ಪ್ರತಿಗೆ ಒಪ್ಪಲಿಲ್ಲ, ಒಪ್ಪಿಗೆಯಾದ ಹಸ್ತಪ್ರತಿಯನ್ನೇ ಹಾಕಿದಳು. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10 ದಾಟಿದ ಹೋಲಿಕೆ ಕೃತಿಚೌರ್ಯದ ಮೊದಲ ಹಂತ. ಸ್ವಂತ ಪೇಪರ್ ಇಡೀ ಒಳಗಿದ್ದರೆ ಹೋಲಿಕೆ ಏರುವುದು ಖಚಿತ. ಆದ್ದರಿಂದ ಯಾವ ಪುಟಗಳು ತನ್ನದೇ ಪ್ರಕಟಿತ ಬರಹ ಅಂತ ಗೈಡ್ ಪ್ರಮಾಣಪತ್ರದೊಂದಿಗೆ ಮೊದಲೇ ತಿಳಿಸಿದಳು.

ವೈವಾದ ದಿನ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಹನ್ನೆರಡು ತೋಟಗಳ ಬಗ್ಗೆ.